ಕೊರಳ ದಾರ

ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವ ಹೆಂಗಸರ ಮಕ್ಕಳನ್ನು ನೋಡಿಕೊಳ್ಳುವ ಒಂದು ಕೇಂದ್ರದಲ್ಲಿ ನಾನು ಮೇಲ್ವಿಚಾರಕಿಯಾಗಿದ್ದೆ. ಬೋರ್ಡಿನ ಮೇಲೆ ಉದ್ದದ ಹೆಸರಿತ್ತು, ಊರಿನವರ ಬಾಯಲ್ಲಿ ಮಾತ್ರ ಅದು ‘ಬೇಬಿ ಸಿಟ್ಟಿಂಗ್’. ನಾನು ‘ಮಿಸ್ಸು’. ನನ್ನ ಜೊತೆ ಇಬ್ಬರು ಆಯಾಗಳು. ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಅವರಿಬ್ಬರೂ ಹೇಳುತ್ತಿದ್ದರು. ಸುಳ್ಳೇನಲ್ಲ.

ಈಗ ಹೇಳುವ ಮಗು ಗಂಡೋ ಹೆಣ್ಣೋ, ಯಾವ ಬೀದಿಯದು, ಯಾವ ಜನದ್ದು, ಒಂದನ್ನೂ ಬರೆಯುವುದಿಲ್ಲ. ಕೊರಳಿಗೆ ಕರಿದಾರ ಕಟ್ಟಿ ತಾಯತ ಹಾಕುವುದು ನಮ್ಮ ಊರಲ್ಲಿ ಎಲ್ಲರ ಮನೆಯಲ್ಲೂ ಇದೆ. ದಾರ ಗುಡಿಯಿಂದ ಬಂದಿರಬಹುದು, ದರ್ಗಾದಿಂದ ಬಂದಿರಬಹುದು, ಕೊರಳು ಒಂದೇ.

ಮಕ್ಕಳ ಕೊರಳಲ್ಲಿ ಏನೂ ಇರಬಾರದು ಎಂದು ನಮ್ಮ ನಿಯಮದ ಹಾಳೆಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಸೇರಿಸುವ ದಿನ ಪ್ರತಿ ತಾಯಿಗೂ ಅದನ್ನು ಓದಿ ಹೇಳುತ್ತಿದ್ದೆ. “ಮನೇಲಿ ದೊಡ್ಡೋರು ಒಪ್ಪಲ್ಲ ಮಿಸ್” ಎಂದು ಅವರು ಮುಖ ಸಣ್ಣದು ಮಾಡುತ್ತಿದ್ದರು. ನಂಬಿಕೆಯ ವಿಷಯ, ನಾನ್ಯಾಕೆ ಕೈಹಾಕಲಿ ಎಂದು ಸುಮ್ಮನಾಗುತ್ತಿದ್ದೆ. ಅರ್ಧಕ್ಕರ್ಧ ಮಕ್ಕಳು ದಾರ ಹಾಕಿಕೊಂಡೇ ಆಡುತ್ತಿದ್ದವು.

ಆವತ್ತು ಬೆಳಿಗ್ಗೆ ಗಂಜಿ ಕುಡಿಸಿ ಆಗಿತ್ತು. ಎರಡೂವರೆ ವರ್ಷದ ಆ ಮಗು ಬಸ್ಸು ನೋಡಲು ಕಿಟಕಿಯ ಕೆಳಗಿನ ಬೆಂಚು ಹತ್ತಿತು. ಇಳಿಯುವಾಗ ದಾರ ಕಿಟಕಿಯ ಕೊಂಡಿಗೆ ಸಿಕ್ಕಿಕೊಂಡು ಕಾಲು ಬೆಂಚಿನಿಂದ ಜಾರಿತು. ಒಬ್ಬ ಆಯಾ ಓಡಿಹೋಗಿ ಮಗುವನ್ನು ಮೇಲೆತ್ತಿ ಹಿಡಿದಳು. ಹುರಿ ಹೊಸೆದ ನೈಲಾನ್ ದಾರ, ಎಳೆದರೆ ಹರಿಯುವಂಥದ್ದಲ್ಲ. ಹಾಲಿನ ಪ್ಯಾಕೆಟ್ ಕತ್ತರಿಸುವ ಕತ್ತರಿಯಿಂದ ನಾನೇ ಕತ್ತರಿಸಿದೆ. ಮಗು ಕೆಮ್ಮಿತು, ಆಮೇಲೆ ಜೋರಾಗಿ ಅತ್ತಿತು. ಆ ಅಳು ಕೇಳಿದ ಮೇಲೆಯೇ ನನಗೆ ಜೀವ ಬಂದದ್ದು.

ಕೊರಳ ಸುತ್ತ ಒಂದು ಕೆಂಪು ಗೆರೆ ಉಳಿಯಿತು.

“ಉಸ್ರಾಡ್ತಾ ಐತಲ್ಲ ಮಿಸ್, ಸಂಜೆ ಅವರಮ್ಮ ಬಂದಾಗ ಹೇಳಿದ್ರಾಯ್ತು. ಈಗ ಹೇಳಿದ್ರೆ ಆಯಮ್ಮ ಎದೆ ಒಡ್ಕೊಂಡು ಓಡ್ ಬತ್ತಾಳೆ” ಎಂದಳು ಆಯಾ.

“ಓಡಿ ಬರ್ಲಿ. ಅವಳ ಮಗು” ಎಂದೆ. ಇನ್ನೊಬ್ಬ ಆಯಾ ಫೋನು ತೆಗೆದು ಗೆರೆಯ ಫೋಟೋ ಹಿಡಿಯಲು ಬಂದಳು. ಅವಳನ್ನು ಚೆನ್ನಾಗಿ ಬೈದು, ಉಳಿದ ಮಕ್ಕಳನ್ನು ಪಕ್ಕದ ಕೋಣೆಗೆ ಕರೆದುಕೊಂಡು ಹೋಗಲು ಹೇಳಿದೆ.

ತಾಯಿ ಕೆಲಸ ಮಾಡುವ ಘಟಕದ ಯಜಮಾನರು ಫೋನ್ ಎತ್ತಿ “ಏನಾಯ್ತು ಮಿಸ್?” ಎಂದರು. ಮಗುವಿನ ತಾಯಿಯನ್ನೇ ಕರೆಯಿರಿ, ಅವರ ಹತ್ತಿರವೇ ಮಾತಾಡಬೇಕು ಎಂದೆ. ಅವಳು ಫೋನಿಗೆ ಬಂದಾಗ ಮೊದಲು ಹೇಳಿದ್ದು ಮಗು ಉಸಿರಾಡುತ್ತಿದೆ, ನನ್ನ ಮಡಿಲಲ್ಲಿದೆ ಎಂದು. ಆಮೇಲೆ ಏನಾಯಿತು ಎಂಬುದು, ಯಾವ ಆಸ್ಪತ್ರೆಗೆ ಹೊರಟಿದ್ದೇವೆ ಎಂಬುದು. ಆಟೋದಲ್ಲಿ ಹೋಗುತ್ತಲೇ ಕೇಂದ್ರ ನಡೆಸುವ ಟ್ರಸ್ಟಿನವರಿಗೂ ತಿಳಿಸಿದೆ.

ಡಾಕ್ಟರು ಗಂಟಲು, ಉಸಿರು, ಕಣ್ಣು ಎಲ್ಲ ನೋಡಿದರು. ಒಳಗೆ ಊತ ತಡವಾಗಿಯೂ ಬರಬಹುದು, ಸಂಜೆಯವರೆಗೆ ಇಲ್ಲೇ ಇರಲಿ ಎಂದರು. ತಾಯಿ ರೇಷ್ಮೆ ಹುಳುವಿನ ವಾಸನೆಯ ಒದ್ದೆ ಸೀರೆಯಲ್ಲೇ ಓಡಿ ಬಂದಿದ್ದಳು. ಮಗುವಿನ ಕೊರಳು ನೋಡಿದಳು, ನನ್ನ ಮುಖ ನೋಡಿದಳು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಸಂಜೆ ಡಾಕ್ಟರು ಊತವಿಲ್ಲ, ಮನೆಗೆ ಹೋಗಬಹುದು ಎಂದ ಮೇಲೆ, ಅವಳನ್ನು ಕೇಂದ್ರಕ್ಕೆ ಕರೆತಂದು ಘಟನೆಯ ರಿಜಿಸ್ಟರನ್ನು ಮುಂದಿಟ್ಟೆ.

“ನಂಗೆ ಓದಕ್ಕೆ ಬರಕ್ಕಿಲ್ಲ, ನೀವೇ ಓದೇಳಿ.”

ಓದಿದೆ. ಎಷ್ಟು ಗಂಟೆ, ಯಾವ ಕಿಟಕಿ, ಯಾರು ನೋಡಿದರು, ಏನು ಮಾಡಿದೆವು. ಕೊನೆಯ ಸಾಲು ಹೀಗಿತ್ತು: ಕೊರಳ ದಾರ ತೆಗೆಸಬೇಕೆಂಬ ನಿಯಮವಿದ್ದರೂ ನಾನು ತೆಗೆಸಿರಲಿಲ್ಲ.

“ಬ್ಯಾಡ ಅಂದಿದ್ದು ನಾನಲ್ವಾ?” ಎಂದಳು.

“ಅಂದಿದ್ದು ನೀವು. ಬಿಟ್ಟಿದ್ದು ನಾನು.”

ಅವಳು ಮಗುವನ್ನು ಹೆಗಲಿಗೆ ಹಾಕಿಕೊಂಡು ಹೇಳಿದಳು: “ಮನೇಲಿ ನಾನೇ ಹೇಳ್ತೀನಿ ಮಿಸ್. ಬೀದಿಯವರ್ಗೆ ಮಾತ್ರ ಗೊತ್ತಾಗ್ಬಾರ್ದು. ಆಡ್ಕೊಂಡ್ರೆ ನಮ್ಮತ್ತೆ ಇಲ್ಲಿಗೆ ಕಳ್ಸಕ್ಕೆ ಬುಡಲ್ಲ. ಮಗೀನ ಮತ್ತೆ ಕೆಲ್ಸದ ತಾವ್ಕೇ ಕರ್ಕೊಂಡೋಗ್ಬೇಕು. ಅಲ್ಲಿ ಗೂಡು ಬೇಯ್ಸೋ ಕುದಿಯೋ ನೀರೈತೆ.”

ಯಾರ ಮಗು ಎಂಬುದು ನಮ್ಮ ಕಡೆಯಿಂದ ಹೊರಗೆ ಹೋಗುವುದಿಲ್ಲ ಎಂದು ಮಾತು ಕೊಟ್ಟೆ. ರಿಜಿಸ್ಟರಿನ ಆ ಪುಟ ಅವಳು, ಟ್ರಸ್ಟಿನವರು ಮತ್ತು ನಾನು ಬಿಟ್ಟು ಯಾರೂ ನೋಡುವಂತಿಲ್ಲ ಎಂದೂ ಹೇಳಿದೆ.

ಅಷ್ಟರಲ್ಲಿ ಪೋಷಕರ ವಾಟ್ಸಾಪ್ ಗುಂಪಿನಲ್ಲಿ ಗುಲ್ಲೆದ್ದಿತ್ತು. ಯಾವುದೋ ಮಗುವನ್ನು ಆಟೋದಲ್ಲಿ ಕರೆದುಕೊಂಡು ಹೋದರಂತೆ, ಬಿದ್ದಿತಂತೆ, ಪ್ರಜ್ಞೆ ತಪ್ಪಿತಂತೆ. ಟ್ರಸ್ಟಿನವರನ್ನು ಕೇಳಿ ನಾನೇ ಬರೆದೆ: ಒಂದು ಮಗುವಿನ ಕೊರಳ ದಾರ ಕಿಟಕಿಯ ಕೊಂಡಿಗೆ ಸಿಕ್ಕಿಕೊಂಡಿತ್ತು, ವೈದ್ಯರು ನೋಡಿದ್ದಾರೆ, ಮಗು ಕ್ಷೇಮ, ತಂದೆತಾಯಿಗೆ ಆಗಲೇ ತಿಳಿಸಿದ್ದೇವೆ. ಕೊಂಡಿ ತೆಗೆಸಿ ಬೆಂಚು ದೂರ ಸರಿಸಿದ್ದೇವೆ. ನಾಳೆಯಿಂದ ಯಾವ ಮಗುವಿನ ಕೊರಳಲ್ಲೂ ದಾರ, ಸರ, ತಾಯತ ಇರಬಾರದು, ಬೇಕಾದವರು ಸೊಂಟದ ಉಡಿದಾರಕ್ಕೆ ಕಟ್ಟಿ. ಯಾರ ಮಗು ಎಂದು ದಯವಿಟ್ಟು ಕೇಳಬೇಡಿ.

ಬುದ್ಧಿವಂತಿಕೆಯಿಂದ ಬರೆದೆ ಎಂದುಕೊಂಡಿದ್ದೆ. ಮಾರನೆಯ ದಿನ ಬಾಗಿಲು ತೆರೆದಾಗ ನನ್ನ ಬುದ್ಧಿವಂತಿಕೆ ಗೊತ್ತಾಯಿತು. ದಾರ ಇದ್ದ ಮಕ್ಕಳೆಲ್ಲ ದಾರ ಹಾಕಿಕೊಂಡೇ ಬಂದಿದ್ದವು. ಇವುಗಳ ನಡುವೆ, ನಿನ್ನೆಯವರೆಗೆ ದಾರವಿದ್ದು ಇವತ್ತು ಬರಿಗೊರಳಲ್ಲಿ ಬರುವ ಮಗು ಒಂದೇ. ಅದು ಬಂದರೆ ಸಾಕು, ಹೆಸರು ಹೇಳದೆಯೇ ಹೇಳಿದ ಹಾಗೆ.

ಎಲ್ಲರಿಗಿಂತ ಮುಂದೆ ಒಬ್ಬ ಅಜ್ಜಿ ಮೊಮ್ಮಗನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಿಗೆ ಅಡ್ಡ ನಿಂತಿದ್ದರು. “ಯಾರ್ ಮಗ ಅಂತ ಏಳವ್ವ, ಆಮೇಲೆ ಬಿಚ್ತೀನಿ. ನೀವು ಸುಮ್ಕೆ ಕತೆ ಕಟ್ತಿದೀರೋ ಏನೋ.”

“ನಿಮ್ಮ ಮೊಮ್ಮಗನೇ ಆಗಿದ್ರೆ ಎಲ್ಲರ ಮುಂದೆ ಹೇಳ್ಬೇಕಿತ್ತಾ ಅಜ್ಜಿ?”

“ನನ್ ಮೊಮ್ಮಗ ಅಲ್ವಲ್ಲ” ಎಂದವರೇ ಬರುವ ಒಂದೊಂದು ಮಗುವಿನ ಕೊರಳನ್ನೂ ಇಣುಕಿ ನೋಡತೊಡಗಿದರು. ಹಿಂದಿದ್ದ ತಾಯಂದಿರೂ ನೋಡತೊಡಗಿದರು.

ಆಗ ಆ ತಾಯಿ ಬಂದಳು. ಮಗುವಿಗೆ ಕಾಲರ್ ಇರುವ ಅಂಗಿ, ಕುತ್ತಿಗೆಯವರೆಗೂ ಗುಂಡಿ. ಕಾಲರಿನ ಮೇಲೆ ಹೊಸ ಕರಿದಾರ, ಅದರಲ್ಲಿ ಅದೇ ತಾಯತ.

ನನಗೆ ನೆತ್ತಿಗೇರಿತು. ನಿನ್ನೆ ಅಷ್ಟೆಲ್ಲ ನೋಡಿಯೂ ಮತ್ತೆ ಕಟ್ಟಿದ್ದಾಳಲ್ಲ, ಇವಳಿಗೆ ಏನು ಬಂದಿದೆ? ಕೇಳಿಯೇಬಿಡಬೇಕೆಂದು ಬಾಯಿ ತೆರೆದೆ. ಅಜ್ಜಿ ಆ ಕೊರಳನ್ನೂ ನೋಡಿದರು, ದಾರ ಕಂಡಿತು, ಮುಂದಿನ ಮಗುವಿನ ಕಡೆ ತಿರುಗಿದರು.

“ಯಾರ್ದಾದ್ರೆ ಏನಜ್ಜಿ, ಮಗೀನೇ ತಾನೆ” ಎಂದಳು ಅವಳು. ಎಲ್ಲರೂ ನೋಡುತ್ತಿದ್ದಂತೆ ಮಗುವನ್ನು ಕೆಳಗಿಳಿಸಿ ದಾರದ ತುದಿ ಹಿಡಿದು ಎಳೆದಳು. ಒಂದೇ ಎಳೆತಕ್ಕೆ ಬಿಚ್ಚಿಕೊಂಡಿತು. ಗಂಟೇ ಹಾಕಿರಲಿಲ್ಲ, ಬರೀ ಸುತ್ತಿ ಸಿಕ್ಕಿಸಿದ್ದಳು. ತಾಯತವನ್ನು ಉಡಿದಾರಕ್ಕೆ ಕಟ್ಟಿ, ಅಂಗಿ ಕೆಳಗೆಳೆದು, ನನ್ನ ಕಡೆ ನೋಡದೆಯೇ “ಬತ್ತೀನಿ ಮಿಸ್” ಎಂದು ಕೆಲಸಕ್ಕೆ ಹೊರಟಳು.

ತೆರೆದ ಬಾಯಿ ಮುಚ್ಚಿಕೊಂಡು ನಿಂತೆ. ಅವಳ ಹಿಂದಿದ್ದವಳು ತನ್ನ ಮಗುವಿನ ದಾರ ಬಿಚ್ಚಿದಳು, ಅವಳ ಹಿಂದಿನವಳೂ ಬಿಚ್ಚಿದಳು. ಅಜ್ಜಿ ಒಸಿ ಹೊತ್ತು ಗೊಣಗಿ, ಕಣ್ಣು ಕಾಣಲ್ಲ ನೀನೇ ಬಿಚ್ಚು ಎಂದು ಮೊಮ್ಮಗನನ್ನು ನನ್ನ ಕೈಗೆ ಕೊಟ್ಟರು.

ಆ ದಿನದ ರಿಜಿಸ್ಟರಿನಲ್ಲಿ ನಾನು ಬರೆದದ್ದು ಒಂದೇ ಸಾಲು: ಎಲ್ಲ ಮಕ್ಕಳ ಕೊರಳ ದಾರ ತೆಗೆಸಲಾಯಿತು. ಮೊದಲು ತೆಗೆದವರು ಯಾರು ಎಂದು ಬರೆಯಲಿಲ್ಲ.