ಎರಡು ಅಂಗೈ ಬೇಕಾದ ಪಾಠ

ಓಂಕಾರಮೂರ್ತಿಯ ಎರಡೂ ಕೈ ನೆಟ್ಟಗಿರುವ ತನಕ ಚಳ್ಳಕೆರೆಯಲ್ಲಿ ಅವನಷ್ಟು ಚೆನ್ನಾಗಿ ರಸಾಯನಶಾಸ್ತ್ರ ಹೇಳುವವರು ಯಾರೂ ಇರಲಿಲ್ಲ. ಭೌತಶಾಸ್ತ್ರದ ಮೇಷ್ಟ್ರಾದ ನಾನೇ ಇದನ್ನು ಹೇಳುತ್ತಿದ್ದೇನೆ ಎಂದರೆ ನಂಬಿ. ನಮ್ಮವರಿಗೂ ಅವರ ವಿಭಾಗಕ್ಕೂ ಎಣ್ಣೆ ಸೀಗೆಕಾಯಿ ಸಂಬಂಧ. ನಾನು ಒಬ್ಬರನ್ನು ಹೊಗಳುವುದೂ ಅಪರೂಪ. ನನ್ನ ಹೆಂಡತಿಯನ್ನು ಕೇಳಿ ನೋಡಿ.

ಅವನ ಊರು ಮೊಳಕಾಲ್ಮೂರು. ಮನೆಯವರದು ಶೇಂಗಾ ವ್ಯಾಪಾರ, ಗಾಣ, ಎಣ್ಣೆ. ಅಂಗಡಿ ಗಲ್ಲಾದಲ್ಲಿ ಕೂರಬೇಕಾದ ಹಿರಿಮಗ ಎಂ.ಎಸ್ಸಿ. ಓದಿ ನಮ್ಮ ಕಾಲೇಜಿಗೆ ಬಂದ. ಪಿಎಚ್.ಡಿ. ಮಾಡಲಿಲ್ಲ, ಲೇಖನ ಬರೆಯಲಿಲ್ಲ, ಯಾವ ಸಮಿತಿಯಲ್ಲೂ ಕೂರಲಿಲ್ಲ. ಅವನಿಗಿಂತ ಚಿಕ್ಕವರು ಅವನನ್ನು ದಾಟಿ ಮೇಲೆ ಹೋದರು. ಅವನ ಹತ್ತಿರ ಇದ್ದದ್ದು ಒಂದೇ ಒಂದು ಪಾಠ. ಆ ಪಾಠ ಕೇಳಲು ಚಿತ್ರದುರ್ಗದ ಹುಡುಗರೂ ಬಸ್ಸು ಹತ್ತಿ ಬಂದು ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದರು. ಅದೊಂದು ಹೋದರೆ ತಾನೇ ಹೋದಂತೆ ಎಂದು ಅವನೇ ಒಮ್ಮೆ ನನ್ನೆದುರು ಹೇಳಿದ್ದ.

ಪಾಠ ಇಷ್ಟು. ಸಾಲಾಗಿ ನಿಂತ ಕಾರ್ಬನ್ನುಗಳ ಒಂದು ಸರಪಳಿ; ಅದರ ಎರಡು ತುದಿ ಕೂಡಿದರೆ ಉಂಗುರ. ಕೂಡುವ ಮೊದಲು ಎರಡೂ ತುದಿಯ ಆರ್ಬಿಟಲ್ಲುಗಳು, ಅಂದರೆ ಇಲೆಕ್ಟ್ರಾನಿನ ಮನೆಗಳು, ತಿರುಗಬೇಕು. ಒಂದೇ ಕಡೆಗೆ ತಿರುಗುತ್ತವೋ, ಎದುರುಬದುರಾಗಿ ತಿರುಗುತ್ತವೋ? ತುದಿಯ ಗುಂಪುಗಳು ಉಂಗುರದ ಒಂದೇ ಬದಿಗೆ ಬರುತ್ತವೋ ಆಚೆ ಈಚೆ ಆಗುತ್ತವೋ ಎಂಬುದು ಇದರ ಮೇಲೆ ನಿಂತಿದೆ. ಉಂಗುರ ಬಿಚ್ಚುವಾಗಲೂ ಇದೇ ಲೆಕ್ಕ. ಪುಸ್ತಕದಲ್ಲಿ ಇದನ್ನು ಓದಿದರೆ ತಲೆ ಗಿರ್ರೆನ್ನುತ್ತದೆ.

ಓಂಕಾರಮೂರ್ತಿ ಕೋಟು ಕಳಚಿ, ತೋಳು ಮಡಚಿ, ಎರಡೂ ಕೈ ಮುಂದೆ ಚಾಚುತ್ತಿದ್ದ. ಅಂಗೈ ಎಂದರೆ ಆರ್ಬಿಟಲ್ಲಿನ ಪ್ಲಸ್ಸು ಬದಿ, ಹಿಂಗೈ ಎಂದರೆ ಮೈನಸ್ಸು ಬದಿ. ಅಂಗೈಗೆ ಅಂಗೈ ಸೇರಿದರೆ ಬಂಧ. ಅಂಗೈಗೆ ಹಿಂಗೈ ಬಂದರೆ ಇಲ್ಲ. "ನಾಲ್ಕು ಇಲೆಕ್ಟ್ರಾನು, ಶಾಖ," ಎನ್ನುತ್ತಿದ್ದ. ಶಾಖದಲ್ಲಿ ಇಲೆಕ್ಟ್ರಾನು ತುಂಬಿದ ಆರ್ಬಿಟಲ್ಲುಗಳಲ್ಲಿ ಎಲ್ಲಕ್ಕೂ ಮೇಲಿನದು ಹೇಳಿದಂತೆ ನಡೆಯಬೇಕು. ನಾಲ್ಕಕ್ಕೆ ಅದರ ತುದಿಗಳು ತದ್ವಿರುದ್ಧ: ಬಲ ಅಂಗೈ ಮೇಲೆ, ಎಡ ಅಂಗೈ ಕೆಳಗೆ. ಎರಡನ್ನೂ ಒಂದೇ ಕಡೆಗೆ ತಿರುಗಿಸಿದರೆ ಮಾತ್ರ ಅಂಗೈಗಳು ಎದುರಾಗುತ್ತವೆ. ಆರು ಇಲೆಕ್ಟ್ರಾನಾದರೆ ಎರಡು ಅಂಗೈಯೂ ಮೇಲೆ. ಆಗ ಎದುರುಬದುರು ತಿರುಗಬೇಕು. "ಈಗ ಬೆಳಕು ಬಿತ್ತು. ಒಂದು ಇಲೆಕ್ಟ್ರಾನು ಮೇಲಿನ ಮೆಟ್ಟಿಲಿಗೆ ಹಾರ್ತು. ಒಂದು ಕೈ ಮಗುಚಿಕೊಳ್ತು." ಅಲ್ಲಿಗೆ ನಿಯಮವೆಲ್ಲ ತಿರುವುಮುರುವು. ಶಾಖ ಮಾಡುವುದನ್ನು ಬೆಳಕು ಮಾಡುವುದಿಲ್ಲ, ಬೆಳಕು ಮಾಡುವುದನ್ನು ಶಾಖ ಮಾಡುವುದಿಲ್ಲ. ಹುಡುಗರು ಕೈ ಚಾಚಿ ಅವನ ಜೊತೆಗೇ ತಿರುಗಿಸುತ್ತಿದ್ದರು. ಹತ್ತು ನಿಮಿಷದಲ್ಲಿ ದಡ್ಡನಿಗೂ ಹತ್ತುತ್ತಿತ್ತು; ನನಗೇ ಹತ್ತಿತು ಎಂದ ಮೇಲೆ ಇನ್ನೇನು.

ನಿವೃತ್ತಿಗೆ ನಾಲ್ಕು ವರ್ಷ ಇರುವಾಗ ಅವನಿಗೆ ಲಕ್ವ ಹೊಡೆಯಿತು. ಮಾತು ಉಳಿಯಿತು, ಕಾಲು ಎಳೆದುಕೊಂಡು ನಡೆಯುವಷ್ಟಾಯಿತು, ಎಡಗೈ ಮಾತ್ರ ಬರಲಿಲ್ಲ. ರಜೆ ಮುಗಿಸಿ ಬಂದವನು ಹೈಡ್ರೋಜನ್ ಸ್ಥಳ ಬದಲಿಸುವ ಪಾಠದಿಂದ ಶುರು ಮಾಡಿದ. ಮುದುಡಿಕೊಂಡ ಎಡಗೈಯನ್ನು ಬಲಗೈಯಿಂದ ಎತ್ತಿ ಮೇಜಿನ ಮೇಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಬಿಡಿಸಿದ. ಐದು ಬೆರಳು, ಐದು ಕಾರ್ಬನ್. ಹೆಬ್ಬೆರಳ ಮೇಲೆ ಒಂದು ಶೇಂಗಾ ಬೀಜ ಇಟ್ಟು, ಅದೇ ಹೈಡ್ರೋಜನ್ ಎಂದ. ಶಾಖ ಕೊಟ್ಟರೆ ಅದು ಕೈಯ ಅದೇ ಮುಖದ ಮೇಲೆ ಹಾದು ಕಿರುಬೆರಳಿಗೆ ಹೋಗುತ್ತದೆ, ತಡೆಯಿಲ್ಲ. ನಡುಬೆರಳಿಗೆ ಹೋಗು ಅಂದರೆ ಶಾಖದಲ್ಲಿ ಅದು ಕೈಯ ಇನ್ನೊಂದು ಮುಖಕ್ಕೆ ದಾಟಬೇಕು; ಅಷ್ಟು ಗಿಡ್ಡ ಸರಪಳಿಯಲ್ಲಿ ದಾಟಲು ಆಗುವುದಿಲ್ಲ, ಹೋಗುವುದಿಲ್ಲ. ಬೆಳಕಿನಲ್ಲಾದರೆ ಅದೇ ಮುಖದ ಮೇಲೇ ಹೋಗಬಹುದು. ಸತ್ತ ಕೈ ಒಂದು ಉಪಯೋಗಕ್ಕೆ ಬಂತು ಎಂದು ತಾನೇ ನಕ್ಕ. ಹುಡುಗರು ನಗಲಿಲ್ಲ.

ಉಂಗುರದ ಪಾಠ ಮಾತ್ರ ಅವನು ಮುಂದೂಡುತ್ತಲೇ ಹೋದ.

"ಲೇ, ಮರದಲ್ಲಿ ಎರಡು ಕೈ ಮಾಡಿಸ್ಕೊಡ್ತೀನಿ. ಇಲ್ಲಾಂದ್ರೆ ಫೋನಿನಾಗೆ ಚಿತ್ರ ಓಡಿಸು," ಎಂದು ಒಂದು ಸಂಜೆ ಅವನ ಮನೆಯಲ್ಲಿ ಕೂತು ಹೇಳಿದೆ.

"ಮರ ತಿರುಗೋದನ್ನ ನೋಡಿ ಯಾರು ಕಲೀತಾರೆ? ಮೈ ತಿರುಗ್ಬೇಕು ಕಣಲೇ ರುದ್ರಪ್ಪ."

ಇದನ್ನೆಲ್ಲ ಒಳಗಿನಿಂದ ಕೇಳಿಸಿಕೊಂಡವಳು ಅವನ ಹೆಂಡತಿ ಕಮಲಾಕ್ಷಮ್ಮ. ಎಸ್ಸೆಸ್ಸೆಲ್ಸಿ ಓದಿದವಳು, ಮಿತಭಾಷಿ, ಒಗ್ಗರಣೆಯಲ್ಲಿ ಎತ್ತಿದ ಕೈ. ಮೂವತ್ತು ವರ್ಷ ಗಂಡ ಪಡಸಾಲೆಯಲ್ಲಿ ಗಾಳಿಗೆ ಕೈ ತಿರುಗಿಸುವುದನ್ನು ನೋಡಿದ್ದಳು. ಹೊರಗೆ ಬಂದು ಕಾಫಿ ಇಟ್ಟು, "ಎಡಗೈ ನಾನು ಆಗ್ತೀನಿ ಬಿಡ್ರಿ," ಎಂದಳು.

ನಾವಿಬ್ಬರೂ ತಮಾಷೆ ಎಂದುಕೊಂಡೆವು. ಅವಳು ಆಗಲೇ ಸೆರಗು ಸಿಕ್ಕಿಸಿಕೊಂಡು ಅವನ ಎಡಕ್ಕೆ, ಅರ್ಧ ಹೆಜ್ಜೆ ಹಿಂದೆ ಬಂದು ನಿಂತಿದ್ದಳು. ಆಮೇಲೆ ಅವಳಿಗೇ ಅನುಮಾನ ಬಂತು. "ಎಡಗೈ ಚಾಚ್ಬೇಕಲ್ರೀ, ಓದೋ ಮಕ್ಳ ಮುಂದೆ. ಏನಂದ್ಕಂತಾರೋ."

"ಆರ್ಬಿಟಲ್ಲಿಗೆ ಮಡಿ ಮೈಲಿಗೆ ಇಲ್ಲ, ಚಾಚು," ಎಂದ ಓಂಕಾರಮೂರ್ತಿ.

ದಿನಾ ಸಂಜೆ ಅಭ್ಯಾಸ ನಡೆಯಿತು. ನಾನು ಚುರುಮುರಿ ತಿನ್ನುತ್ತ ಕೂತು ನೋಡುತ್ತಿದ್ದೆ. ಒಂದು ದಿನ ಅವಳು ಕೈ ಇಳಿಸಿ ಕೇಳಿದಳು: "ಬಿಸಿಲಾಗೆ ಇಟ್ರೆ ಏನ್ ಲೆಕ್ಕ? ಬಿಸಿಲಿನಾಗೆ ಶಾಖನೂ ಐತೆ, ಬೆಳಕೂ ಐತೆ."

ಅವನು ಹಿಗ್ಗಿಹೋದ. "ಬೆಳಕನ್ನ ಆ ಪದಾರ್ಥ ಹೀರ್ಕೊಂಡ್ರೆ ಬೆಳಕಿನ ಲೆಕ್ಕ. ಹೀರ್ಕೊಳ್ದೆ ಹೋದ್ರೆ ಬಿಸಿ ಆಗ್ತೈತೆ ಅಷ್ಟೆ, ಅದು ಶಾಖದ ಲೆಕ್ಕ. ನೋಡ್ಲೇ ರುದ್ರಪ್ಪ, ಎಂ.ಎಸ್ಸಿ. ಹುಡುಗ್ರು ಯಾರೂ ಇದನ್ನ ಕೇಳಿಲ್ಲ."

ಅವಳು ತರಗತಿಗೆ ಬಂದ ಮೊದಲ ದಿನ ಹುಡುಗರು ಕಿಸಕ್ಕೆಂದರು. ಪ್ರಿನ್ಸಿಪಾಲರು ನನ್ನನ್ನು ಕರೆದು, ಹೊರಗಿನವರು ತರಗತಿಗೆ ಹೋಗಲು ಯಾವ ನಿಯಮದಲ್ಲಿ ಅವಕಾಶ ಇದೆ ಎಂದು ಕೇಳಿದರು. ಅವರು ಹೊರಗಿನವರಲ್ಲ ಸಾರ್, ಮೇಷ್ಟ್ರ ಎಡಗೈ ಎಂದೆ. ಅವರು ಇನ್ನೇನೋ ಹೇಳಲು ಹೋದರು, ನಾನು ಎದ್ದು ಬಂದೆ. ನನ್ನ ಬಾಯಿಗೆ ಹೆದರಿಯೋ ಏನೋ ಆಮೇಲೆ ಕೇಳಲಿಲ್ಲ.

ಅವಳ ಹಸಿರು ಬಳೆಯ ಕೈಯೂ ಅವನ ಕೂದಲು ತುಂಬಿದ ಕೈಯೂ ಒಟ್ಟಿಗೆ ತಿರುಗಿ ಅಂಗೈಗೆ ಅಂಗೈ ತಾಗಿದಾಗ ಕಿಸಕ್ಕೆನ್ನುವುದು ನಿಂತಿತು. ನಿಜ ಹೇಳಬೇಕೆಂದರೆ ಪಾಠ ಮೊದಲಿಗಿಂತ ಚೆನ್ನಾಯಿತು. ಒಬ್ಬನೇ ಎರಡೂ ಕೈ ತಿರುಗಿಸುವಾಗ ಯಾವುದು ಯಾವ ಕಡೆ ಎಂದು ಗೊಂದಲವಾಗುತ್ತಿತ್ತು. ಈಗ ಎರಡು ತುದಿ ಎಂದರೆ ಎರಡು ತುದಿ. ಎರಡು ವರ್ಷ ಹೀಗೆ ನಡೆಯಿತು. ಆ ಎರಡು ವರ್ಷದಲ್ಲಿ ಅವನು ಎಷ್ಟು ಸುಖವಾಗಿದ್ದ ಎಂದರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು.

ಮೂರನೆಯ ವರ್ಷ, ಬೇಸಿಗೆಯಲ್ಲಿ, ಮೊಳಕಾಲ್ಮೂರಿನಲ್ಲಿ ಗಂಡನ ತಮ್ಮನ ಮನೆಗೆ ಹೋಗಿದ್ದ ಕಮಲಾಕ್ಷಮ್ಮ ಎದೆ ನೋಯುತ್ತದೆ ಎಂದು ಗೋಡೆಗೆ ಒರಗಿ ಕೂತವಳು ಹಾಗೇ ಹೋಗಿಬಿಟ್ಟಳು. ಅಲ್ಲೇ ಮನೆಯವರ ಜಮೀನಿನಲ್ಲಿ ಸಮಾಧಿಯಾಯಿತು. ಮೂರು ಹಿಡಿ ಮಣ್ಣನ್ನು ಅವನು ಒಂದೇ ಕೈಯಲ್ಲಿ ಹಾಕಿದ. ನಾನು ಪಕ್ಕದಲ್ಲೇ ನಿಂತಿದ್ದೆ. ಯಾರ ಮೇಲೆ ಎಂದು ತಿಳಿಯದ ಸಿಟ್ಟು ಬಂದಿತ್ತು.

ಕಾಲೇಜು ತೆರೆದ ಮೇಲೆ ಅವನು ಎಲ್ಲ ಪಾಠ ಮಾಡಿದ. ಉಂಗುರದ ಪಾಠ ಉಳಿಯಿತು. ಪರೀಕ್ಷೆ ಹತ್ತಿರ ಬಂತು. ಒಂದು ಬೆಳಗ್ಗೆ, "ಇವತ್ತು ಮಾಡ್ತೀನಿ, ಬಾ," ಎಂದು ನನ್ನನ್ನು ಕರೆದ. ಹಿಂದಿನ ಬೆಂಚಿನಲ್ಲಿ ಹೋಗಿ ಕೂತೆ.

ಅವನು ಬಲಗೈ ಚಾಚಿದ, ಅಂಗೈ ಮೇಲೆ. "ನಾಲ್ಕು ಇಲೆಕ್ಟ್ರಾನು, ಶಾಖ," ಎಂದ. ಎಂದವನು ಎಡಕ್ಕೆ ನೋಡಿದ, ಅಭ್ಯಾಸಬಲ. ಅಲ್ಲಿ ಕಪ್ಪು ಹಲಗೆಯ ಅಂಚು ಬಿಟ್ಟರೆ ಏನೂ ಇರಲಿಲ್ಲ.

ಪರಶುರಾಂಪುರದ ಆಶಾ ಎಂಬ ಹುಡುಗಿ ಎದ್ದು ನಿಂತಳು. ಹಿಂದಿನ ವರ್ಷ ಜೂನಿಯರ್ ಆಗಿ ಕದ್ದು ಬಂದು ಈ ಪಾಠ ಕೇಳಿದ್ದವಳು. "ಸಾರ್, ನಾನು ಬಂದು ನಿಲ್ಲಲಾ?"

"ಬ್ಯಾಡಮ್ಮ," ಎಂದ ಓಂಕಾರಮೂರ್ತಿ ಮೆತ್ತಗೆ. "ನಿಂಗೂ ಎರಡು ಕೈ ಅದಾವಲ್ಲ. ಎಲ್ರೂ ನಿಮ್ಮ ನಿಮ್ಮ ಕೈ ಚಾಚ್ರಿ. ನಾನು ಹೇಳ್ತೀನಿ."

ಇಡೀ ತರಗತಿ ಕೈ ಚಾಚಿತು. ಬಲ ಅಂಗೈ ಮೇಲೆ, ಎಡ ಅಂಗೈ ಕೆಳಗೆ. "ಎರಡೂ ಒಂದೇ ಕಡೆಗೆ ತಿರುಗಿಸ್ರಿ. ಈಗ ಕೂಡಿಸ್ರಿ." ಒಬ್ಬರೂ ತಪ್ಪಲಿಲ್ಲ. ಅಂಗೈಗೆ ಅಂಗೈ ಕೂಡಿದವು. ಆಗ ನೋಡಿದರೆ ಅಷ್ಟೂ ಮಕ್ಕಳು ಅವನ ಮುಂದೆ ಕೈಮುಗಿದು ಕೂತಿದ್ದರು. ಅವನೂ ತನ್ನ ಒಂದು ಕೈ ತಿರುಗಿಸಿ ಹಿಡಿದಿದ್ದ. ಇಳಿಸಿ ಎಂದು ಅವನು ಹೇಳಲಿಲ್ಲ, ಮಕ್ಕಳು ಇಳಿಸಲಿಲ್ಲ. ಆಶಾ ತುಟಿ ಕಚ್ಚಿಕೊಂಡು ಬೆಂಚು ನೋಡುತ್ತಿದ್ದಳು.

ಆಮೇಲೆ ಅವನು ಆರು ಇಲೆಕ್ಟ್ರಾನು ಹೇಳಿದ, ಬೆಳಕು ಹೇಳಿದ. ಎಲ್ಲ ಸರಿಯಾಗಿಯೇ ಹೇಳಿದ. ಗಂಟೆ ಹೊಡೆಯಿತು.

ನಾನು ಅವನನ್ನು ಬಸ್‌ ಸ್ಟ್ಯಾಂಡಿನ ತನಕ ಬಿಡಲು ಹೋದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ; ಬಂದದ್ದನ್ನು ಹೇಳಿದೆ. "ಪಾಠ ಉಳೀತಲ್ಲೋ. ಒಬ್ರೂ ತಪ್ಪು ತಿರುಗಿಸ್ಲಿಲ್ಲ."

"ಹೂಂ, ಮಕ್ಳಿಗೆ ಬಂತು," ಎಂದ. ಸ್ವಲ್ಪ ದೂರ ಕಾಲೆಳೆದುಕೊಂಡು ನಡೆದು, ನಿಂತ. "ನಾನೂ ತಿರುಗಿಸ್ದೆ. ಯಾವ ಲೆಕ್ಕ ಅದು ಅಂತ ನಂಗೇ ತಿಳೀಲಿಲ್ಲ ಕಣೋ. ಒಂದೇ ಕೈ ತಿರುಗಿದ್ರೆ ಅದು ಒಂದೇ ಕಡೆಗೆ ಅನ್ನಂಗೂ ಇಲ್ಲ, ಎದುರುಬದುರು ಅನ್ನಂಗೂ ಇಲ್ಲ. ಇನ್ನೊಂದು ಕೈ ಇದ್ರೇನೇ ಅದಕ್ಕೊಂದು ಹೆಸರು."

ಎಲ್ಲದಕ್ಕೂ ತಿರುಗಿ ಉತ್ತರ ಕೊಡುವ ನಾನು ಅವನ ಜೋತುಬಿದ್ದ ಎಡಗೈಯನ್ನು ಹಿಡಿದುಕೊಂಡೆ. ಹಿಡಿದದ್ದು ಅವನಿಗೆ ಗೊತ್ತಾಗಲಿಲ್ಲ.