ನಾಲ್ಕು ಬೆರಳು ದೂರ

೧೯೯೮ರ ಒಂದು ಭಾನುವಾರ, ಬೆಳಿಗ್ಗೆ ಹತ್ತು ಗಂಟೆ. ಕುವೆಂಪುನಗರದ ನಮ್ಮ ಮನೆಯ ಊಟದ ಮೇಜಿನ ಸುತ್ತ ನಾನು, ನನ್ನ ಹೆಂಡತಿ ಮತ್ತು ಪಕ್ಕದ ಮನೆಯಾಕೆ ಕುಳಿತಿದ್ದೆವು.

ಆಕೆ ಮೈ ಮುಟ್ಟದೆ ನೋವು ತೆಗೆಯುವವರು. ದೇಹದ ಸುತ್ತ ಪ್ರಭೆಯಿದೆ, ನೋವಿರುವಲ್ಲಿ ಅದು ಕಟ್ಟಿಕೊಳ್ಳುತ್ತದೆ ಎನ್ನುತ್ತಿದ್ದರು. ನಾಲ್ಕು ಬೆರಳು ದೂರದಲ್ಲಿ ಅಂಗೈ ಆಡಿಸಿ, ಕಟ್ಟಿದ್ದನ್ನು ಬಾಚಿ ಉಪ್ಪುನೀರಿನ ಬಟ್ಟಲಿಗೆ ಕೊಡವುತ್ತಿದ್ದರು. "ಜುಮ್ ಅಂತು ನೋಡಿ" ಎನ್ನುವುದು ಆಕೆಯ ಮಾತು. ಹತ್ತು ವರ್ಷ ನಾನು ಹೊತ್ತು ತಪ್ಪದೆ ಎಣ್ಣೆ ತಿಕ್ಕಿದ ತನ್ನ ಭುಜ ಆಕೆಯ ಬಳಿ ಹಗುರವಾಯಿತೆಂದು ಹೆಂಡತಿ ಹೇಳಿದಾಗ ನನಗೆ ಹೊಟ್ಟೆ ಉರಿಯಿತು.

ಅದಕ್ಕೇ ಈ ಪರೀಕ್ಷೆ. ನನ್ನ ಕೈ ಕಾಣದಂತೆ ನಡುವೆ ನಿಲ್ಲಿಸಿದ ರಟ್ಟಿನ ಎರಡು ತೂತುಗಳಲ್ಲಿ ಆಕೆ ಕೈ ತೂರಿಸಿದರು. ನಾನು ನಾಣ್ಯ ಚಿಮ್ಮಿದೆ. ಸಿಂಹ ಬಿದ್ದರೆ ಆಕೆಯ ಬಲಗೈ, ಅಂಕಿ ಬಿದ್ದರೆ ಎಡಗೈ. ಆ ಕೈಯ ಮೇಲೆ, ಮುಟ್ಟದೆ ನಾಲ್ಕು ಬೆರಳು ದೂರದಲ್ಲಿ, ನನ್ನ ಅಂಗೈ ಹಿಡಿದೆ. ಯಾವ ಕೈಯೆಂದು ಆಕೆ ಹೇಳಬೇಕು. ಇಪ್ಪತ್ತು ಸಲ ಮಾಡಿದ್ದರಲ್ಲಿ ಒಂಬತ್ತು ಸರಿಯಾಯಿತು. ಸುಮ್ಮನೆ ಊಹಿಸಿದರೂ ಹೆಚ್ಚುಕಡಿಮೆ ಅಷ್ಟೇ ಬರುತ್ತದೆ, ಬೇರೆಡೆ ಪರೀಕ್ಷಿಸಿದವರಿಗೂ ಹೀಗೇ ಬಂದಿದೆ ಎಂದೆ.

"ಜುಮ್ ಅಂದಿದ್ದು ಸುಳ್ಳಲ್ಲ ಸಾರ್, ಎರಡು ಕೈಗೂ ಅಂತು," ಎಂದರು ಆಕೆ. ಫಲಿತಾಂಶದ ಹಾಳೆಗೆ ರುಜು ಕೇಳಿದೆ. ತಕರಾರಿಲ್ಲದೆ ಹಾಕಿದರು.

"ಈಗಲಾದ್ರೂ ಗೊತ್ತಾಯ್ತಾ?" ಎಂದು ಹೆಂಡತಿಯನ್ನು ಕೇಳಿದೆ.

"ಗೊತ್ತಾಯ್ತು ಕಣ್ರೀ. ಆದ್ರೆ ಅವರು ಅರ್ಧ ಗಂಟೆ ನನ್ನ ಮಾತು ಕೇಳ್ತಾರೆ. ನೀವು ತಿಕ್ತಾ ತಿಕ್ತಾ ಗಡಿಯಾರ ನೋಡ್ತೀರಿ."

ಹಾಗೆಂದು ಎದ್ದು ಆಕೆಯ ಜೊತೆಗೇ ಹೊರಟಳು.

ಹಾಳೆಗೆ ತೂತು ಹೊಡೆದು ಫೈಲಿಗೆ ಸೇರಿಸಿದೆ. ಪಕ್ಕದ ಮನೆಯಲ್ಲಿ ಇಬ್ಬರೂ ನಗುತ್ತಿದ್ದರು. ಆಮೇಲೆ ಅಂದು ಯಾವ ಕೆಲಸವೂ ನನ್ನ ಕೈಗೆ ಹತ್ತಲಿಲ್ಲ.