ಇಲ್ಲದ ಡ್ರಾಯರಿನ ಮೇಲೆ ಮೂವತ್ತೇಳು ದೂರು

ಆ ಆನ್‌ಲೈನ್ ಅಂಗಡಿಯ ಕಚೇರಿಯಲ್ಲಿ ಗಿರಾಕಿಗಳ ರಿವ್ಯೂಗಳನ್ನು ಸೋಸಿ ನೋಡುವ ಕೆಲಸ ಆಕೆಯದು. ಅದಕ್ಕೇ ಎಲ್ಲರ ಬಾಯಲ್ಲೂ ಅವಳು ಜರಡಿಯಕ್ಕ. ಹದಿನೆಂಟು ವರ್ಷ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ತಪಾಸಣೆ ಮಾಡಿದವಳು. ಅದು ಮುಚ್ಚಿದ ಮೇಲೆ ಮಗಳ ಹಳೆಯ ಲ್ಯಾಪ್‌ಟಾಪಿನಲ್ಲಿ ತಡಕಾಡಿ, ಯಾರ ಕೈಯಲ್ಲೂ ಹೇಳಿಸಿಕೊಳ್ಳದೆ ಕಂಪ್ಯೂಟರ್ ಕಲಿತಳು. ಒಂದೊಂದೇ ಅಂಗಿ ನೋಡಿದರೆ ಹೊಲಿಗೆಯ ದೋಷ ಕಣ್ಣಿಗೆ ಬೀಳುವುದಿಲ್ಲ, ಇಪ್ಪತ್ತನ್ನು ಸಾಲಾಗಿ ಹಾಸಿದರೆ ಎಲ್ಲದರಲ್ಲೂ ಒಂದೇ ಜಾಗದಲ್ಲಿ ದಾರ ಜಾರಿರುವುದು ಎದ್ದು ಕಾಣುತ್ತದೆ. ಈ ಪಾಠವೊಂದನ್ನು ಮಾತ್ರ ಅವಳು ಕಾರ್ಖಾನೆಯಿಂದ ಗಂಟು ಕಟ್ಟಿಕೊಂಡು ಬಂದಿದ್ದಳು.

ಆವತ್ತು ಎದುರಿಗಿದ್ದದ್ದು ಒಬ್ಬ ಬಡಗಿಯ ಮಡಚುವ ಮೇಜು. ಒಂದೇ ವಾರದಲ್ಲಿ ಅದಕ್ಕೆ ಒಂಟಿ ನಕ್ಷತ್ರದ ನಲವತ್ತೊಂದು ಕೆಟ್ಟ ರಿವ್ಯೂ. ಸಂಜೆ ನಾಲ್ಕರೊಳಗೆ ಬೇರೆ ತೀರ್ಮಾನ ಆಗದಿದ್ದರೆ ಮೇಜಿನ ಪುಟ ಮುಚ್ಚಬೇಕೆಂಬುದು ನಿಯಮ. ಬಡಗಿಗೆ ಬೇರೆ ಅಂಗಡಿಯಿಲ್ಲ, ಆ ಪುಟವೇ ಅವನ ಅಂಗಡಿ.

ತಂಡದ ಮುಖ್ಯಸ್ಥ ಅವಳಿಗಿಂತ ಇಪ್ಪತ್ತು ವರ್ಷ ಚಿಕ್ಕವನು. "ಅಕ್ಕಾ, ಎಲ್ಲಾ ಒಂದೊಂದಾಗಿ ಓದಿದೀನಿ. ಒಬ್ಬರ ಮಾತು ಇನ್ನೊಬ್ಬರಿಗೆ ತಾಳೆ ಆಗಲ್ಲ. ಒಬ್ಬಳು ಮಗಳ ಪರೀಕ್ಷೆ ವಿಷಯ ಬರೆದಿದಾಳೆ, ಒಬ್ಬ ಬೆನ್ನುನೋವು ಅಂತಾನೆ. ಮನುಷ್ಯರೇ ಬರೆದಿರೋದು."

"ಈಗಿನ ಬರೆಯೋ ಯಂತ್ರಕ್ಕೆ ಬೆನ್ನುನೋವಿನ ಕಥೆ ಕಟ್ಟೋದು ಏನು ಮಹಾ ತಮ್ಮಾ? ಬರಹ ಬಿಡು, ಬರೆದವರನ್ನ ಸಾಲಾಗಿ ನಿಲ್ಲಿಸು."

ಅವಳು ನಲವತ್ತೊಂದು ಖಾತೆಗಳ ಹಿಂದಿನ ರಿವ್ಯೂಗಳನ್ನೆಲ್ಲ ತೆಗೆದು ಒಂದರ ಕೆಳಗೊಂದು ಹಾಸಿದಳು. ಮೂವತ್ತೇಳು ಖಾತೆಗಳು ಹುಟ್ಟಿದ್ದು ಕೇವಲ ಒಂಬತ್ತು ದಿನಗಳಲ್ಲಿ. ಆರು ತಿಂಗಳು ತೆಪ್ಪಗೆ ಮಲಗಿದ್ದು, ಆಮೇಲೆ ಎಲ್ಲವೂ ಮೊದಲು ಒಂದು ಟಾರ್ಚನ್ನು ಹೊಗಳಿದ್ದವು, ನಂತರ ಒಂದು ಚಾಪೆಯನ್ನು, ನಂತರ ಒಂದು ಫೋನಿನ ಕವರನ್ನು. ಅದೇ ಮೂರು ವಸ್ತು, ಅದೇ ಕ್ರಮ. ಉಳಿದ ನಾಲ್ಕು ಖಾತೆಗಳು ಹಳೆಯವು, ಅವುಗಳ ದಾರಿ ನಾಲ್ಕು ದಿಕ್ಕಿಗೆ.

"ಹಾಸ್ಟೆಲ್ ಹುಡುಗೀರ ಕಥೆ ಮರೆತ್ರಾ?" ಎಂದು ಮುಖ್ಯಸ್ಥ ಕುಟುಕಿದ.

ಮರೆಯುವುದುಂಟೇ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಒಂದೇ ದಿನ ಒಂದೇ ಇಂಟರ್‌ನೆಟ್ ಸಂಪರ್ಕದಿಂದ ಬಂದ ಹನ್ನೆರಡು ರಿವ್ಯೂಗಳನ್ನು ಕಳ್ಳರದೆಂದು ಅಳಿಸಿಬಿಟ್ಟಿದ್ದಳು. ಬರೆದವರು ಒಂದೇ ಹಾಸ್ಟೆಲಿನಲ್ಲಿ ಕೂಡಿ ಕೊಂಡ ಹನ್ನೆರಡು ಹುಡುಗಿಯರು. ಅಂದಿನಿಂದ ಒಂದೇ ಬಗೆಯ ಗುರುತು ನಂಬಿ ಯಾರ ಮಾತನ್ನೂ ಅಳಿಸಿದವಳಲ್ಲ.

"ಇನ್ನೊಂದು ಗುರುತು ಸಿಗೋವರೆಗೂ ಅಳಿಸಲ್ಲ ಬಿಡು," ಎಂದು ಮತ್ತೆ ಓದಲು ಕುಳಿತಳು. ಮಾತುಗಳು ಬೇರೆ ಬೇರೆ, ಆದರೆ ಆ ಮೂವತ್ತೇಳು ಮಂದಿಯೂ ಸುತ್ತಿ ಬಳಸಿ ಡ್ರಾಯರಿಗೇ ಬಂದು ನಿಲ್ಲುತ್ತಿದ್ದರು. ಡ್ರಾಯರ್ ಬಿಗಿ, ಡ್ರಾಯರ್ ಕಿರುಗುಟ್ಟುತ್ತದೆ, ಡ್ರಾಯರಿನ ಹಿಡಿ ಕಳಚಿತು. ಉಳಿದ ನಾಲ್ಕು ಜನ ಮಾತ್ರ ಮೇಜಿನ ಕಾಲು ಅಲ್ಲಾಡುತ್ತದೆ ಎಂದಿದ್ದರು. ಗಂಟೆ ಮೂರು ದಾಟಿತ್ತು. ಬಡಗಿಗೆ ಫೋನ್ ಮಾಡಿದಳು.

"ಅಣ್ಣಾ, ನಿಮ್ಮ ಮೇಜಿನ ಡ್ರಾಯರ್ ಯಾಕೆ ಅಷ್ಟು ಬಿಗಿ?"

"ಯಾವ ಡ್ರಾಯರ್ ತಾಯಿ? ಮಡಚೋ ಮೇಜಿಗೆ ಡ್ರಾಯರ್ ಇಟ್ರೆ ಮಡಚೋದು ಹೇಗೆ?"

"ಪುಟದಲ್ಲಿ ಬರೆದಿದೀರಲ್ಲ."

"ಅದು ನಮ್ಮ ಅಳಿಯ ಮಹಾರಾಯನ ಕೆಲಸ ಇರಬೇಕು. ಹಳೇ ಮೇಜಿನ ವಿವರಾನೇ ಇದಕ್ಕೂ ಅಂಟಿಸಿದಾನೆ. ನಾನೆಲ್ಲಿ ಓದಿದೆ. ಈ ಮೇಜಿಗೆ ಒಂದು ದಿನಾನೂ ಡ್ರಾಯರ್ ಇರಲಿಲ್ಲ."

ಜರಡಿಯಕ್ಕನ ಮುಖ ಅರಳಿತು. ಮೇಜು ಕೊಂಡವರು ಡ್ರಾಯರ್ ಇಲ್ಲವೆಂದು ದೂರಬಹುದಿತ್ತು, ಬಿಗಿಯೆಂದು ದೂರಲು ಸಾಧ್ಯವೇ ಇಲ್ಲ. ಯಂತ್ರದ ಕೈಗೆ ಪುಟ ಕೊಟ್ಟು ಬಯ್ಯಲು ಹೇಳಿದವರಿಗಷ್ಟೇ ಆ ಡ್ರಾಯರ್ ಕಂಡಿತ್ತು.

ಮುಖ್ಯಸ್ಥ ಎರಡೂ ಪಟ್ಟಿಗಳನ್ನು ತಾಳೆ ನೋಡಿದ. ಖಾತೆಗಳ ಹೆಜ್ಜೆ ಹಿಡಿದು ಬಂದ ಮೂವತ್ತೇಳು, ಡ್ರಾಯರ್ ಹಿಡಿದು ಬಂದ ಮೂವತ್ತೇಳು. ಒಂದೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಳಿಸಲು ಸಹಿ ಹಾಕಿದ. ನಾಲ್ಕಕ್ಕೆ ಹತ್ತು ನಿಮಿಷ ಇರುವಾಗ ಮೂವತ್ತೇಳೂ ಕಳಚಿ ಬಿದ್ದವು, ಪುಟ ಉಳಿಯಿತು. ಟಾರ್ಚು, ಚಾಪೆ, ಕವರುಗಳ ಹೊಗಳಿಕೆಯನ್ನು ಅವಳು ನಾಳೆಯ ಜರಡಿಗೆ ಎತ್ತಿಟ್ಟಳು.

ಬಡಗಿಯೇ ಮತ್ತೆ ಫೋನ್ ಮಾಡಿದ. "ಪುಣ್ಯ ಕಟ್ಕೊಂಡೆ ತಾಯಿ. ಇನ್ನೂ ನಾಲ್ಕು ಉಳಿದುಬಿಟ್ಟಿದಾವೆ ನೋಡು. ಅದನ್ನೂ ಕೈಯಾರೆ ಒರೆಸಿಬಿಡು."

"ಅವು ಒರೆಸೋವಲ್ಲ ಅಣ್ಣಾ. ಅವರು ನಿಮ್ಮ ಮೇಜಿನ ಮುಂದೆ ನಿಜವಾಗ್ಲೂ ಕೂತವರು. ಅಳಿಯನ ಕೈಲಿ ಪುಟ ತಿದ್ದಿಸಿ, ನೀವು ಕಾಲು ತಿದ್ದಿ."

ಬಡಗಿ ಗೊಣಗಿದ. ಆಮೇಲೆ, "ಯಾವ ಕಾಲಂತೆ?" ಎಂದು ಕೇಳಿದ.

"ಎಡಗಡೆ ಹಿಂದಿಂದು. ನಾಲ್ಕು ಜನಾನೂ ಅದನ್ನೇ ಹೇಳಿದಾರೆ," ಎಂದಳು ಜರಡಿಯಕ್ಕ.